ಪೇಟೆಂಟ್ ಅನುವಾದ: ಅವಲಂಬಿತ ಕ್ಲೇಮ್‌ನಲ್ಲಿ ಒಂದು ಪದವೂ ಯಾಕೆ ಆಚೀಚೆ ಆಗಬಾರದು

ಪೇಟೆಂಟ್ ದಾಖಲೆಯಲ್ಲಿ ಪುಟಗಟ್ಟಲೆ ವಿವರಣೆ ಇರುತ್ತದೆ, ಚಿತ್ರಗಳಿರುತ್ತವೆ, ಒಂದು ಸಾರಾಂಶ ಇರುತ್ತದೆ. ಆದರೆ ಮಾಲೀಕನಿಗೆ ಸಿಗುವ ಹಕ್ಕು ಎಷ್ಟು ಅನ್ನುವುದನ್ನು ಹೇಳುವುದು ಕೊನೆಯಲ್ಲಿ ಬರುವ ಕ್ಲೇಮ್‌ಗಳು. ನಮ್ಮ ಪೇಟೆಂಟ್ ಕಾಯ್ದೆ 1970ರ 10ನೇ ಸೆಕ್ಷನ್ ಪ್ರಕಾರ ಸಂಪೂರ್ಣ ಸ್ಪೆಸಿಫಿಕೇಶನ್, ಅಂದರೆ ಆವಿಷ್ಕಾರವನ್ನು ಪೂರ್ತಿ ವಿವರಿಸುವ ದಾಖಲೆ, ಕ್ಲೇಮ್‌ಗಳಿಂದಲೇ ಮುಗಿಯಬೇಕು, ಆವಿಷ್ಕಾರದ ವ್ಯಾಪ್ತಿಯನ್ನು ಆ ಕ್ಲೇಮ್‌ಗಳೇ ಗೊತ್ತುಮಾಡಬೇಕು. ಯುರೋಪಿನಲ್ಲೂ ಹಾಗೆಯೇ. ಅಲ್ಲಿನ ಪೇಟೆಂಟ್ ಒಪ್ಪಂದದ 69ನೇ ವಿಧಿ ರಕ್ಷಣೆಯ ವ್ಯಾಪ್ತಿಯನ್ನು ಕ್ಲೇಮ್‌ಗಳಿಗೆ ಬಿಡುತ್ತದೆ. ವಿವರಣೆ, ಚಿತ್ರಗಳು ಕ್ಲೇಮನ್ನು ಅರ್ಥಮಾಡಿಕೊಳ್ಳಲು ಮಾತ್ರ.

ಈ ಲೇಖನ ಜರ್ಮನ್, ಜಪಾನೀಸ್, ಫ್ರೆಂಚ್ ಕಲಿತು ಪೇಟೆಂಟ್ ಅನುವಾದಕ್ಕೆ ಕೈಹಾಕುತ್ತಿರುವವರಿಗೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಸಾಕಷ್ಟು ಜನ ಇದ್ದಾರೆ. ಹೊರದೇಶದ ಕಂಪನಿಯೊಂದು ಪಿಸಿಟಿ ಎಂಬ ಪೇಟೆಂಟ್ ಸಹಕಾರ ಒಪ್ಪಂದದ ಮೂಲಕ ಹಾಕಿದ ಅಂತರರಾಷ್ಟ್ರೀಯ ಅರ್ಜಿ ಭಾರತಕ್ಕೆ ಬರಬೇಕಾದರೆ ಮೊದಲ ಅರ್ಜಿಯ ದಿನದಿಂದ 31 ತಿಂಗಳ ಒಳಗೆ ಇಲ್ಲಿ ದಾಖಲಾಗಬೇಕು. ಮೂಲ ಬೇರೆ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಆ ಅನುವಾದ ಸರಿಯಾಗಿದೆ, ಪೂರ್ತಿಯಾಗಿದೆ ಎಂದು ಅರ್ಜಿದಾರ ಅಥವಾ ಅವನ ಪರವಾಗಿ ಒಬ್ಬರು ದೃಢೀಕರಿಸಬೇಕು. ಬೆಂಗಳೂರಿನ ಪೇಟೆಂಟ್ ಏಜೆಂಟ್ ಮೂಲಕ ಹೋಗುವ ಇಂಥ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ತಲುಪುತ್ತವೆ. ಎಕ್ಸಾಮಿನರ್ ಓದುವುದು ನಿಮ್ಮ ಇಂಗ್ಲಿಷನ್ನು. ಜರ್ಮನ್ ಮೂಲವನ್ನು ಅವರು ತೆರೆದು ನೋಡುತ್ತಾರೆ ಅಂದುಕೊಳ್ಳಬೇಡಿ.

ಈ ಕೆಲಸದಲ್ಲಿ ಹೊಸಬರು ಜಾಸ್ತಿ ಹಗುರವಾಗಿ ತೆಗೆದುಕೊಳ್ಳುವುದು ಅವಲಂಬಿತ ಕ್ಲೇಮ್‌ಗಳನ್ನು, ಅಂದರೆ ಬೇರೊಂದು ಕ್ಲೇಮನ್ನು ಆಧರಿಸಿ ನಿಲ್ಲುವಂಥವನ್ನು. ಮೊದಲ ಕ್ಲೇಮಿಗೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎರಡರಿಂದ ಹದಿನೈದರವರೆಗಿನವು ಒಂದೊಂದು ಸಾಲಿನವು, ಬೇಗ ಮುಗಿಯುತ್ತವೆ ಅನ್ನಿಸುತ್ತದೆ. ತೊಂದರೆ ಶುರುವಾಗುವುದು ಅಲ್ಲೇ.

ಕ್ಲೇಮ್‌ಗಳು ಹೇಗೆ ಕೂತಿರುತ್ತವೆ

ಒಂದು ಕ್ಲೇಮ್ ಎಂದರೆ ಒಂದೇ ವಾಕ್ಯ. ಎಷ್ಟೇ ಉದ್ದವಾದರೂ ಪೂರ್ಣವಿರಾಮ ಕೊನೆಯಲ್ಲಿ ಒಂದೇ. ಆ ವಾಕ್ಯದಲ್ಲಿ ಮೂರು ಭಾಗ. ಮೊದಲು ಇದು ಯಾವ ವಸ್ತು ಅಥವಾ ವಿಧಾನ ಎಂದು ಹೇಳುವ ಪೀಠಿಕೆ. ಆಮೇಲೆ ‘ಇವುಗಳನ್ನು ಒಳಗೊಂಡಿದೆ’ ಅನ್ನುವಂಥ ಕೊಂಡಿ ಮಾತು. ಅದರ ನಂತರ ಭಾಗಗಳು ಮತ್ತು ಅವು ಒಂದಕ್ಕೊಂದು ಹೇಗೆ ಸೇರಿವೆ ಅನ್ನುವ ವಿವರ.

ಬೇರೆ ಯಾವ ಕ್ಲೇಮಿನ ಹಂಗೂ ಇಲ್ಲದೆ ನಿಲ್ಲುವುದು ಸ್ವತಂತ್ರ ಕ್ಲೇಮ್. ‘ಕ್ಲೇಮ್ 1ರ ಪ್ರಕಾರದ ಯಂತ್ರ’ ಎಂದು ಶುರುವಾಗುವುದು ಅವಲಂಬಿತ ಕ್ಲೇಮ್. ಕ್ಲೇಮ್ 1ರಲ್ಲಿರುವ ಎಲ್ಲವೂ ಇದರೊಳಗೆ ಬಂದಂತೆ. ಅದರ ಮೇಲೆ ಇನ್ನೊಂದು ಷರತ್ತು ಸೇರುತ್ತದೆ. ಹಾಗಾಗಿ ಅವಲಂಬಿತ ಕ್ಲೇಮ್ ನೋಡಲು ಗಿಡ್ಡ, ಕಾನೂನಿನ ಕಣ್ಣಲ್ಲಿ ಕ್ಲೇಮ್ 1ಕ್ಕಿಂತ ಉದ್ದ. ಕಾಗದದ ಮೇಲೆ ಕಾಣುವ ಆ ಒಂದು ಸಾಲು, ದೊಡ್ಡ ವಾಕ್ಯವೊಂದರಿಂದ ಕತ್ತರಿಸಿ ತೆಗೆದ ತುಂಡು. ಮತ್ತೆ ಅದೇ ವಾಕ್ಯಕ್ಕೆ ಹೊಂದಿಕೊಂಡು ಕೂರಬೇಕು. ಪದಗಳು ಒಂದೇ ಇರಬೇಕು ಅನ್ನುವುದಕ್ಕೆ ಮೂಲ ಕಾರಣ ಇದೇ.

ನಮಗೆಲ್ಲ ಗೊತ್ತಿರುವ ವಸ್ತು ಇರಲಿ ಅಂತ ಅಡಿಕೆ ಸುಲಿಯುವ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕ್ಲೇಮ್‌ಗಳನ್ನು ಈ ಲೇಖನಕ್ಕಾಗಿ ನಾನೇ ಬರೆದದ್ದು. ಮೂಲ ಜರ್ಮನ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಕಚೇರಿಗೆ ಹೋಗುವುದು ಇಂಗ್ಲಿಷೇ. ಕೂಡಲೇ ಅರ್ಥವಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಓದಲು ಸುಲಭವಾಗಲಿ ಅಂತ ವಾಕ್ಯಗಳನ್ನು ಒಡೆದಿದ್ದೇನೆ; ನಿಜವಾದ ಕ್ಲೇಮಿನಲ್ಲಿ ಇದೆಲ್ಲ ಒಂದೇ ವಾಕ್ಯ. ಬ್ರಾಕೆಟ್‌ನಲ್ಲಿರುವ ಸಂಖ್ಯೆ ಚಿತ್ರದಲ್ಲಿ ಆ ಭಾಗಕ್ಕೆ ಕೊಟ್ಟ ಗುರುತು.

ಕ್ಲೇಮ್ 1. ಅಡಿಕೆ ಸುಲಿಯುವ ಒಂದು ಯಂತ್ರ. ಇದು ಒಂದು ಚೌಕಟ್ಟು (10), ಸದರಿ ಚೌಕಟ್ಟಿಗೆ (10) ತಿರುಗುವಂತೆ ಜೋಡಿಸಿದ ಕನಿಷ್ಠ ಒಂದು ರೋಲರ್ (12), ಮತ್ತು ಸದರಿ ಕನಿಷ್ಠ ಒಂದು ರೋಲರ್‌ಗೆ (12) ಎದುರಾಗಿರುವ ಒಂದು ಒತ್ತುಹಲಗೆ (14) ಇವುಗಳನ್ನು ಒಳಗೊಂಡಿದೆ.

ಕ್ಲೇಮ್ 2. ಕ್ಲೇಮ್ 1ರ ಪ್ರಕಾರದ ಯಂತ್ರ. ಇದರಲ್ಲಿ ಸದರಿ ಒತ್ತುಹಲಗೆ (14) ಒಂದು ಎಲಾಸ್ಟಿಕ್ ಭಾಗದ (18) ಮೂಲಕ ಸದರಿ ಚೌಕಟ್ಟಿಗೆ (10) ಸೇರಿದೆ.

ಕ್ಲೇಮ್ 3. ಕ್ಲೇಮ್ 2ರ ಪ್ರಕಾರದ ಯಂತ್ರ. ಇದರಲ್ಲಿ ಸದರಿ ಎಲಾಸ್ಟಿಕ್ ಭಾಗ (18) ಒಂದು ಸ್ಪ್ರಿಂಗ್ ಆಗಿದೆ.

ಕ್ಲೇಮ್ 4. ಕ್ಲೇಮ್ 1ರಿಂದ 3ರ ಪೈಕಿ ಯಾವುದಾದರೂ ಒಂದರ ಪ್ರಕಾರದ ಯಂತ್ರ. ಇದರಲ್ಲಿ ಸದರಿ ಕನಿಷ್ಠ ಒಂದು ರೋಲರ್‌ಗೆ (12) ರಬ್ಬರ್ ಹೊದಿಕೆ (20) ಇದೆ.

ಕ್ಲೇಮ್ 5. ಕ್ಲೇಮ್ 4ರ ಪ್ರಕಾರದ ಯಂತ್ರ. ಇದರಲ್ಲಿ ಸದರಿ ರಬ್ಬರ್ ಹೊದಿಕೆಯ (20) ದಪ್ಪ 3ರಿಂದ 8 ಮಿಲಿಮೀಟರ್.

ಕ್ರಯಪತ್ರ ಓದಿದವರಿಗೆ ‘ಸದರಿ’ ಹೊಸದಲ್ಲ. ‘ಸದರಿ ಸ್ವತ್ತು’ ಅಂದರೆ ಮೇಲೆ ಹೇಳಿದ ಅದೇ ಸ್ವತ್ತು, ಬೇರೆ ಯಾವುದೂ ಅಲ್ಲ. ಕ್ಲೇಮಿನಲ್ಲೂ ಅದೇ ಕೆಲಸ. ಒಂದು ಭಾಗ ಮೊದಲ ಸಲ ಬಂದಾಗ ‘ಒಂದು ಒತ್ತುಹಲಗೆ’. ಎರಡನೇ ಸಲದಿಂದ ‘ಸದರಿ ಒತ್ತುಹಲಗೆ’. ‘ಸದರಿ’ ಎಂದು ಬಂದಾಗ ಓದುವವರು ಹಿಂದಕ್ಕೆ ಹೋಗಿ ಅದೇ ಹೆಸರನ್ನು ಹುಡುಕುತ್ತಾರೆ. ಸಿಗದಿದ್ದರೆ ಕ್ಲೇಮ್ ಅಸ್ಪಷ್ಟ ಎಂಬ ಆಕ್ಷೇಪ ಬರುತ್ತದೆ.

ಈ ಐದು ಕ್ಲೇಮ್‌ಗಳು ಒಳಗೊಳಗೇ ಸಣ್ಣದಾಗುತ್ತಾ ಹೋಗುವುದನ್ನು ಗಮನಿಸಿ. ಕ್ಲೇಮ್ 1ರಲ್ಲಿ ಒತ್ತುಹಲಗೆ ಹೇಗೆ ಬೇಕಾದರೂ ಸೇರಿರಬಹುದು. ಕ್ಲೇಮ್ 2ರಲ್ಲಿ ಎಲಾಸ್ಟಿಕ್ ಭಾಗದ ಮೂಲಕವೇ ಸೇರಿರಬೇಕು. ಕ್ಲೇಮ್ 3ರಲ್ಲಿ ಆ ಭಾಗ ಸ್ಪ್ರಿಂಗೇ ಆಗಬೇಕು. ಅರ್ಜಿದಾರ ಇಷ್ಟೊಂದು ಮೆಟ್ಟಿಲು ಕಟ್ಟುವುದು ಸುಮ್ನೆ ಅಲ್ಲ. ನಾಳೆ ಯಾರೋ ಹಳೆಯ ಪೇಟೆಂಟೊಂದನ್ನು ತಂದು ‘ಚೌಕಟ್ಟು, ರೋಲರ್, ಹಲಗೆ ಇರುವ ಯಂತ್ರ ಮೊದಲೇ ಇತ್ತು’ ಎಂದು ತೋರಿಸಿದರೆ ಕ್ಲೇಮ್ 1 ಬೀಳುತ್ತದೆ. ಆಗ ಏಜೆಂಟ್ ಕ್ಲೇಮ್ 2ರ ಸಾಲನ್ನು ಎತ್ತಿ ಕ್ಲೇಮ್ 1ರೊಳಗೆ ಸೇರಿಸುತ್ತಾರೆ. ಆ ದಿನ ನೀವು ವರ್ಷಗಳ ಹಿಂದೆ ಅನುವಾದಿಸಿದ ತುಂಡು, ವಾಕ್ಯದ ಒಳಗೆ ಅಕ್ಷರಶಃ ಹೋಗಿ ಕೂರುತ್ತದೆ.

ಎರಡು ಪದ ತಪ್ಪಿದರೆ ಏನಾಗುತ್ತದೆ

ಈಗ ಕ್ಲೇಮ್ 2ನ್ನು ಒಬ್ಬ ಅನುವಾದಕ ಹೀಗೆ ಬರೆದ ಎಂದುಕೊಳ್ಳಿ: ‘ಕ್ಲೇಮ್ 1ರ ಪ್ರಕಾರದ ಯಂತ್ರ, ಇದರಲ್ಲಿ ಸದರಿ ಒತ್ತುತಟ್ಟೆ ಒಂದು ಸ್ಪ್ರಿಂಗ್ ಮೂಲಕ ಸದರಿ ಚೌಕಟ್ಟಿಗೆ ಸೇರಿದೆ.’

ಓದಲು ಚೆನ್ನಾಗಿಯೇ ಇದೆ. ಚಿತ್ರದಲ್ಲಿ ಇರುವುದೂ ಸ್ಪ್ರಿಂಗೇ. ಜರ್ಮನ್‌ನಲ್ಲಿ ಸ್ಪ್ರಿಂಗಿಗೆ ‘ಫೆಡರ್’ ಎನ್ನುತ್ತಾರೆ. ‘ಫೆಡರ್ನ್ಡ್’ ಅಂದರೆ ಸ್ಪ್ರಿಂಗಿನ ಹಾಗೆ ಒತ್ತಿ ಹಿಂದಕ್ಕೆ ಬರುವಂಥದ್ದು. ಮೂಲದಲ್ಲಿ ಎರಡನೆಯದು ಇದ್ದರೆ ಕೈ ತಾನಾಗಿ ಸ್ಪ್ರಿಂಗ್ ಎಂದು ಬರೆದುಬಿಡುತ್ತದೆ. ಆದರೆ ಒತ್ತಿದರೆ ಹಿಂದಕ್ಕೆ ಬರುವುದು ಸ್ಪ್ರಿಂಗ್ ಮಾತ್ರವಲ್ಲ. ರಬ್ಬರ್ ತುಂಡೂ ಬರುತ್ತದೆ, ಬಾಗಿದ ತೆಳು ಲೋಹದ ಪಟ್ಟಿಯೂ ಬರುತ್ತದೆ.

ಈ ಅನುವಾದದಿಂದ ಆಗುವ ನಷ್ಟ ಲೆಕ್ಕ ಹಾಕಿ. ರಬ್ಬರ್ ತುಂಡಿನ ಮೇಲೆ ಹಲಗೆ ಕೂರಿಸಿದ ಸ್ಪರ್ಧಿ ಮೂಲ ಕ್ಲೇಮ್ 2ರೊಳಗೆ ಸಿಕ್ಕಿಬೀಳುತ್ತಿದ್ದ. ಈಗ ತಪ್ಪಿಸಿಕೊಂಡ. ಕ್ಲೇಮ್ 3 ‘ಸದರಿ ಎಲಾಸ್ಟಿಕ್ ಭಾಗ’ ಎನ್ನುತ್ತದೆ, ಆದರೆ ಕ್ಲೇಮ್ 2ರಲ್ಲಿ ಅಂಥದ್ದೊಂದು ಬಂದೇ ಇಲ್ಲ. ಅಲ್ಲೂ ಸ್ಪ್ರಿಂಗ್ ಎಂದು ತಿದ್ದಿದರೆ ‘ಸದರಿ ಸ್ಪ್ರಿಂಗ್ ಒಂದು ಸ್ಪ್ರಿಂಗ್ ಆಗಿದೆ’ ಎಂದಾಗಿ ಕ್ಲೇಮ್ 3 ಏನನ್ನೂ ಹೇಳದ ಸಾಲಾಗುತ್ತದೆ. ಇನ್ನು ಒತ್ತುತಟ್ಟೆ. ಕ್ಲೇಮ್ 1ರಲ್ಲಿ ಇದ್ದದ್ದು ಒತ್ತುಹಲಗೆ. ತಟ್ಟೆಯೂ ಹಲಗೆಯೂ ಒಂದೇನಾ, ಬೇರೆನಾ? ನಿಮಗೆ ಗೊತ್ತು ಒಂದೇ ಎಂದು. ಎದುರು ಪಕ್ಷದ ವಕೀಲರಿಗೆ ಬೇರೆ ಎಂದು ವಾದಿಸಲು ಇಷ್ಟು ಸಾಕು.

ಕಥೆ, ಪ್ರಬಂಧ ಬರೆಯುವಾಗ ಒಂದೇ ಪದ ಪದೇ ಪದೇ ಬರಬಾರದು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಕ್ಲೇಮಿನಲ್ಲಿ ಆ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಇಲ್ಲಿ ಪದ ಬದಲಾದರೆ ವಸ್ತು ಬದಲಾಯಿತು ಎಂದೇ ಓದುತ್ತಾರೆ.

ಅವಲಂಬಿತ ಕ್ಲೇಮ್ ಮೇಲಿನ ಕ್ಲೇಮಿನ ಅರ್ಥವನ್ನೂ ಬದಲಿಸುತ್ತದೆ

ಅವಲಂಬಿತ ಕ್ಲೇಮ್ ಕೆಟ್ಟರೆ ಅದೊಂದೇ ಕೆಡುತ್ತದೆ, ಕ್ಲೇಮ್ 1 ಸುರಕ್ಷಿತ ಎಂದು ಕೆಲವರು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಅಮೆರಿಕದ ಫಿಲಿಪ್ಸ್ ಮತ್ತು ಎಡಬ್ಲ್ಯೂಎಚ್ ಕಾರ್ಪೊರೇಷನ್ ನಡುವಿನ ಮೊಕದ್ದಮೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯದ ಪೂರ್ಣಪೀಠ 2005ರಲ್ಲಿ ಅದನ್ನು ತೀರ್ಮಾನಿಸಿತು.

ಫಿಲಿಪ್ಸ್ ಪೇಟೆಂಟ್ ಪಡೆದದ್ದು ಜೈಲಿನಂಥ ಕಟ್ಟಡಗಳಿಗೆ ಬಳಸುವ ಉಕ್ಕಿನ ಗೋಡೆಯ ಪ್ಯಾನೆಲ್‌ಗಳಿಗೆ. ಕ್ಲೇಮ್ 1ರಲ್ಲಿ, ಉಕ್ಕಿನ ಕವಚದ ಒಳಗೋಡೆಗಳಿಂದ ಒಳಮುಖವಾಗಿ ಚಾಚಿದ ‘ಉಕ್ಕಿನ ಬ್ಯಾಫಲ್‌ಗಳು’ ಇರಬೇಕು ಎಂದಿತ್ತು. ಬ್ಯಾಫಲ್ ಅಂದರೆ ತಡೆಫಲಕ. ವಿವರಣೆಯಲ್ಲಿ, ಚಿತ್ರಗಳಲ್ಲಿ ಅವು ಗುಂಡನ್ನು ಬೇರೆ ದಿಕ್ಕಿಗೆ ತಿರುಗಿಸುವಂತೆ ಓರೆಯಾಗಿದ್ದವು. ಎದುರು ಪಕ್ಷದ ಪ್ಯಾನೆಲ್‌ಗಳಲ್ಲಿ ತಡೆಫಲಕಗಳು ಗೋಡೆಗೆ ನೇರ 90 ಡಿಗ್ರಿಯಲ್ಲಿದ್ದವು. ‘ಈ ಪೇಟೆಂಟಿನಲ್ಲಿ ಬ್ಯಾಫಲ್ ಎಂದರೆ ಓರೆಯಾದದ್ದು, ನಮ್ಮದು ಓರೆಯಲ್ಲ’ ಎನ್ನುವುದು ಅವರ ವಾದ. ಕೆಳಗಿನ ಕೋರ್ಟು ಫಿಲಿಪ್ಸ್ ವಿರುದ್ಧ ತೀರ್ಪು ಕೊಟ್ಟಿತ್ತು.

ಪೂರ್ಣಪೀಠ ಅದನ್ನು ತಿರುಗಿಸಲು ನೆರವಾದವುಗಳಲ್ಲಿ ಮುಖ್ಯವಾದದ್ದು ಕ್ಲೇಮ್ 2. ಉಕ್ಕಿನ ತಟ್ಟೆಯನ್ನು ಸೀಳಿಕೊಂಡು ಬರುವ ಗುಂಡಿನಂಥವನ್ನು ಪಕ್ಕಕ್ಕೆ ತಿರುಗಿಸುವ ಕೋನದಲ್ಲಿ ಬ್ಯಾಫಲ್‌ಗಳು ಇರಬೇಕು ಎನ್ನುವ ಷರತ್ತು ಆ ಅವಲಂಬಿತ ಕ್ಲೇಮಿನಲ್ಲಿ ಬೇರೆಯಾಗಿ ಬಂದಿತ್ತು. ‘ಬ್ಯಾಫಲ್’ ಎಂಬ ಪದದೊಳಗೇ ಆ ಕೋನ ಇದ್ದಿದ್ದರೆ ಕ್ಲೇಮ್ 2 ಬರೆಯುವ ಅಗತ್ಯವೇ ಇರಲಿಲ್ಲ ಅಲ್ವಾ? ಹಾಗೆಯೇ ‘ಉಕ್ಕಿನ ಬ್ಯಾಫಲ್’ ಎಂದು ಬರೆದಿರುವುದರಿಂದ, ಬ್ಯಾಫಲ್ ಅಂದ ಮಾತ್ರಕ್ಕೆ ಅದು ಉಕ್ಕಿನದೇ ಆಗಿರಬೇಕಿಲ್ಲ ಎಂಬುದನ್ನೂ ನ್ಯಾಯಾಲಯ ಗಮನಿಸಿತು. ಅವಲಂಬಿತ ಕ್ಲೇಮ್ ಒಂದು ಷರತ್ತನ್ನು ಸೇರಿಸಿದರೆ, ಆ ಷರತ್ತು ಮೇಲಿನ ಕ್ಲೇಮಿನಲ್ಲಿ ಇಲ್ಲ ಎಂದು ಭಾವಿಸಬೇಕು. ಇದು ಕಟ್ಟುನಿಟ್ಟಾದ ನಿಯಮವಲ್ಲ, ಬೇರೆ ಪುರಾವೆಯ ಮುಂದೆ ಸೋಲಲೂಬಹುದು. ಆದರೂ ಬಲವಾದ ವಾದ.

ಈ ಪೇಟೆಂಟನ್ನು ಬೇರೆ ಭಾಷೆಗೆ ತರುವ ಅನುವಾದಕ, ಚಿತ್ರ ನೋಡಿ ಕ್ಲೇಮ್ 1ರಲ್ಲೇ ‘ಓರೆ ತಡೆಫಲಕ’ ಎಂದು ಬರೆದಿದ್ದರೆ? ಅಥವಾ ಕ್ಲೇಮ್ 2ರಲ್ಲಿ ‘ಕೋನದಲ್ಲಿ’ ಎಂಬುದನ್ನು ಬಿಟ್ಟು ‘ಗುಂಡನ್ನು ತಡೆಯುವ’ ಎಂದಷ್ಟೇ ಬರೆದಿದ್ದರೆ? ಆ ಭಾಷೆಯಲ್ಲಿ ಓದುವವರಿಗೆ ಈ ವಾದವೇ ಕಾಣುತ್ತಿರಲಿಲ್ಲ.

ಕೆಲಸ ಮಾಡುವ ಕ್ರಮ

ಮೊದಲ ಹೆಜ್ಜೆ, ಅನುವಾದ ಶುರುಮಾಡುವ ಮೊದಲು ಒಂದು ಹಾಳೆಯಲ್ಲಿ ಕ್ಲೇಮ್‌ಗಳ ವಂಶವೃಕ್ಷ ಬರೆಯಿರಿ. ನಮ್ಮ ಉದಾಹರಣೆಯಲ್ಲಿ 2ರ ತಾಯಿ 1, 3ರ ತಾಯಿ 2, 5ರ ತಾಯಿ 4. ಕ್ಲೇಮ್ 4ಕ್ಕೆ ಮಾತ್ರ ಮೂರು ದಾರಿ: 1ರಿಂದ ಬರಬಹುದು, 2ರಿಂದ ಬರಬಹುದು, 3ರಿಂದಲೂ ಬರಬಹುದು. ಹಾಗಾಗಿ 5ಕ್ಕೂ ಮೂರು ದಾರಿ. ಎಣಿಸಿದರೆ ಈ ಐದು ಕ್ಲೇಮ್‌ಗಳಲ್ಲಿ ಒಟ್ಟು ಒಂಬತ್ತು ಬೇರೆ ಬೇರೆ ಯಂತ್ರಗಳಿಗೆ ಹಕ್ಕು ಕೇಳಿದಂತಾಯಿತು. ‘ಪೈಕಿ ಯಾವುದಾದರೂ ಒಂದರ’ ಎನ್ನುವುದನ್ನು ಬಿಟ್ಟು ‘ಕ್ಲೇಮ್ 3ರ ಪ್ರಕಾರದ’ ಎಂದು ಬರೆದರೆ ಒಂಬತ್ತು ಐದಾಗುತ್ತದೆ. ‘ಕ್ಲೇಮ್ 1ರಿಂದ 3ರ ಪ್ರಕಾರದ’ ಎಂದು ಬರೆದರೆ ಮೂರೂ ಒಟ್ಟಿಗೆ ಬೇಕು ಎಂಬ ಅರ್ಥ ಬರಬಹುದು. ಒಂದಕ್ಕಿಂತ ಹೆಚ್ಚು ಕ್ಲೇಮ್‌ಗಳನ್ನು ಅವಲಂಬಿಸುವಾಗ ‘ಇದು ಅಥವಾ ಅದು’ ಎಂಬ ರೀತಿಯಲ್ಲೇ ಹೇಳಬೇಕು ಎಂದು ಪಿಸಿಟಿಯ ನಿಯಮ 6.4 ಹೇಳುತ್ತದೆ.

ಇಂಥ ಅವಲಂಬನೆಯ ವಿಷಯದಲ್ಲಿ ದೇಶದಿಂದ ದೇಶಕ್ಕೆ ಪದ್ಧತಿ ಬೇರೆ. ಹಲವು ಕ್ಲೇಮ್‌ಗಳನ್ನು ಅವಲಂಬಿಸಿದ ಕ್ಲೇಮ್, ಅಂಥದ್ದೇ ಇನ್ನೊಂದನ್ನು ಅವಲಂಬಿಸುವುದನ್ನು ಅಮೆರಿಕ ಒಪ್ಪುವುದಿಲ್ಲ. ಜಪಾನ್ ಕೂಡ 2022ರ ಏಪ್ರಿಲ್‌ನಿಂದ ಅದನ್ನು ನಿಲ್ಲಿಸಿದೆ. ಅದಕ್ಕೆ ತಕ್ಕಂತೆ ಮರುಜೋಡಣೆ ಮಾಡುವುದು ಏಜೆಂಟ್ ಕೆಲಸ. ಅನುವಾದಕರು ತಾವಾಗಿಯೇ ಸರಿಮಾಡಲು ಹೋಗಬಾರದು.

ಎರಡನೆಯದು ಪದಗಳ ಪಟ್ಟಿ. ಕ್ಲೇಮ್‌ಗಳಲ್ಲಿ ಬರುವ ಪ್ರತಿ ಭಾಗದ ಹೆಸರು, ಅದರ ಎದುರು ಬ್ರಾಕೆಟ್‌ನಲ್ಲಿರುವ ಸಂಖ್ಯೆ, ಅದರ ಮುಂದೆ ನೀವು ಆರಿಸಿದ ಒಂದೇ ಒಂದು ಪದ. ಈ ಸಂಖ್ಯೆಗಳು ಬಹಳ ಉಪಯೋಗಕ್ಕೆ ಬರುತ್ತವೆ. 14 ಎಂಬ ಸಂಖ್ಯೆ ಎಲ್ಲೇ ಬಂದರೂ ಮುಂದೆ ಅದೇ ಪದ ಇರಬೇಕು. ಒಂದು ಕಡೆ ಬೇರೆ ಇದ್ದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಮೂಲದಲ್ಲಿ ಎರಡು ಬೇರೆ ಪದ ಇದ್ದರೆ ನಿಮ್ಮಲ್ಲೂ ಎರಡು ಬೇರೆ ಪದ ಬೇಕು, ಅರ್ಥ ಹತ್ತಿರದ್ದಾದರೂ ಸರಿ. ಪಟ್ಟಿಯಲ್ಲಿ ಭಾಗಗಳ ಹೆಸರಷ್ಟೇ ಸಾಲದು. ‘ಜೋಡಿಸಿದ’, ‘ಸೇರಿದ’, ‘ಅಂಟಿಸಿದ’, ‘ಎದುರಾಗಿರುವ’ ಇಂಥ ಸಂಬಂಧದ ಪದಗಳನ್ನೂ ಬರೆದಿಟ್ಟುಕೊಳ್ಳಿ. ‘ಸೇರಿದ’ ಎಂಬಲ್ಲಿ ‘ಬೋಲ್ಟ್ ಹಾಕಿದ’ ಎಂದು ಬರೆದರೆ ವೆಲ್ಡ್ ಮಾಡಿದ ಯಂತ್ರ ಕೈತಪ್ಪಿತು.

ಪದದ ಆಯ್ಕೆಯಲ್ಲಿ ಆ ಕ್ಷೇತ್ರದವರು ನಿಜಕ್ಕೂ ಬಳಸುವ ಪದವನ್ನೇ ಹುಡುಕಬೇಕು. ಐಬಿಎಸ್‌ಎ ಎಂಬ ಸ್ವಿಸ್ ಔಷಧ ಕಂಪನಿಯ ಥೈರಾಯ್ಡ್ ಕ್ಯಾಪ್ಸೂಲ್ ಪೇಟೆಂಟ್ ಇದೇ ವಿಷಯಕ್ಕೆ ಬಿತ್ತು. ಮೂಲ ಇಟಾಲಿಯನ್ ಅರ್ಜಿಯಲ್ಲಿ ‘ಸೆಮಿಲಿಕ್ವಿಡೊ’ ಎಂದಿತ್ತು. ಅಮೆರಿಕದ ಪೇಟೆಂಟಿನ ಕ್ಲೇಮ್ 1ರಲ್ಲಿ ಅದು ‘ಹಾಫ್-ಲಿಕ್ವಿಡ್’ ಆಗಿತ್ತು. ಐಬಿಎಸ್‌ಎ ಟೆವಾ ಎಂಬ ಇನ್ನೊಂದು ಔಷಧ ಕಂಪನಿಯ ಮೇಲೆ ಮೊಕದ್ದಮೆ ಹಾಕಿದಾಗ, ಅದರ ಅರ್ಥ ‘ಸೆಮಿ-ಲಿಕ್ವಿಡ್’, ಅಂದರೆ ಗಟ್ಟಿಗೂ ದ್ರವಕ್ಕೂ ನಡುವಿನದು ಎಂದು ವಾದಿಸಿತು. ‘ಹಾಫ್-ಲಿಕ್ವಿಡ್’ ಆ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಪದ ಎಂದು ತೋರಿಸಲು ಆಗಲಿಲ್ಲ. ಅದರ ಗಡಿ ಎಲ್ಲಿ ಎಂದು ಪೇಟೆಂಟಿನಿಂದ ತಿಳಿಯುವುದಿಲ್ಲ ಎಂದು ಹೇಳಿ, ಆ ಕಾರಣಕ್ಕೆ ಕ್ಲೇಮ್‌ಗಳು ಅಸಿಂಧು ಎಂಬ ತೀರ್ಪನ್ನು ಫೆಡರಲ್ ಸರ್ಕ್ಯೂಟ್ 2020ರಲ್ಲಿ ಎತ್ತಿಹಿಡಿಯಿತು. ಆ ಪದ ಇದ್ದದ್ದು ಸ್ವತಂತ್ರ ಕ್ಲೇಮಿನಲ್ಲಿ. ಮೊಕದ್ದಮೆಯಲ್ಲಿದ್ದ ಅವಲಂಬಿತ ಕ್ಲೇಮ್‌ಗಳೂ ಅದರ ಜೊತೆಗೇ ಹೋದವು, ಯಾಕೆಂದರೆ ಕ್ಲೇಮ್ 1ರ ಪ್ರತಿ ಪದವೂ ಅವುಗಳ ಒಳಗೆ ಇರುತ್ತದೆ.

ಮೂರನೆಯದು, ಕ್ಲೇಮ್ 1ನ್ನು ಮುಗಿಸಿ ಅಲ್ಲೇ ಬೀಗ ಹಾಕಿ. ಇಲ್ಲಿ ಕೊಂಡಿ ಮಾತಿಗೆ ವಿಶೇಷ ಗಮನ ಬೇಕು. ‘ಒಳಗೊಂಡಿದೆ’ ಎಂದರೆ ಇವು ಇರಬೇಕು, ಬೇರೆಯೂ ಇರಬಹುದು. ‘ಇಷ್ಟರಿಂದಲೇ ಆಗಿದೆ’ ಎಂದರೆ ಬೇರೇನೂ ಇರಕೂಡದು. ಜರ್ಮನ್‌ನಲ್ಲಿ ‘ಉಂಫಾಸೆಂಡ್’ ಮೊದಲ ಗುಂಪಿಗೆ ಸೇರುತ್ತದೆ, ‘ಬೆಷ್ಟೆಹೆಂಡ್ ಔಸ್’ ಎರಡನೆಯದಕ್ಕೆ. ಕ್ಲೇಮ್ 1ರಲ್ಲಿ ಇದು ತಪ್ಪಿದರೆ ಕೆಳಗಿನ ಕ್ಲೇಮ್‌ಗಳಲ್ಲಿ ವಿಚಿತ್ರ ಕಾಣುತ್ತದೆ: ಚೌಕಟ್ಟು, ರೋಲರ್, ಹಲಗೆ ಇಷ್ಟೇ ಎಂದು ಮುಚ್ಚಿದ ಯಂತ್ರಕ್ಕೆ ಕ್ಲೇಮ್ 2 ಒಂದು ಎಲಾಸ್ಟಿಕ್ ಭಾಗವನ್ನು ತಂದು ಸೇರಿಸುತ್ತದೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಹೀಗೆ ಕೆಳಗಿನ ಕ್ಲೇಮ್ ಓದಿಯೇ ಮೇಲಿನ ತಪ್ಪನ್ನು ಹಿಡಿಯಬಹುದು.

ಏಕವಚನ, ಬಹುವಚನದ ತೊಂದರೆಯೂ ಇಲ್ಲೇ. ಜಪಾನೀಸ್‌ನಲ್ಲಿ ನಾಮಪದ ಒಂದೋ ಹಲವೋ ಎಂದು ಸಾಮಾನ್ಯವಾಗಿ ತೋರಿಸುವುದಿಲ್ಲ. ನಮ್ಮಲ್ಲೂ ‘ಅಂಗಡಿಯಲ್ಲಿ ರೋಲರ್ ಸಿಗುತ್ತದೆ’ ಎಂದರೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಇಂಗ್ಲಿಷ್ ಬಿಡುವುದಿಲ್ಲ, ಒಂದೋ ಹಲವೋ ಹೇಳಲೇಬೇಕು. ಚಿತ್ರದಲ್ಲಿ ಎರಡು ರೋಲರ್ ಕಂಡವು ಎಂದು ಬಹುವಚನ ಹಾಕಿದರೆ ಒಂದೇ ರೋಲರ್ ಇರುವ ಯಂತ್ರಕ್ಕೆ ಹಕ್ಕು ಹೋಯಿತು. ಇಂಥ ಕಡೆ ವಿವರಣೆಯನ್ನು ಓದಿ ನಿರ್ಧರಿಸಿ. ಅಲ್ಲೂ ತಿಳಿಯದಿದ್ದರೆ ಏಜೆಂಟರನ್ನು ಕೇಳಿ. ಮೂಲದಲ್ಲಿ ‘ಕನಿಷ್ಠ ಒಂದು’ ಇದ್ದರೆ ಆ ‘ಕನಿಷ್ಠ’ ಪ್ರತಿ ಸಲವೂ ಬರಬೇಕು. ಕ್ಲೇಮ್ 4ರಲ್ಲಿ ಅದು ಬೇಜಾರು ಹಿಡಿಸುತ್ತದೆ ಎಂದು ತೆಗೆಯುವಂತಿಲ್ಲ.

ನಾಲ್ಕನೆಯದು, ಅವಲಂಬಿತ ಕ್ಲೇಮ್‌ಗಳನ್ನು ಹೊಸದಾಗಿ ಬರೆಯಬೇಡಿ. ಕ್ಲೇಮ್ 1ರಿಂದ ಪದಗುಚ್ಛಗಳನ್ನು ನಕಲು ಮಾಡಿ ಅಂಟಿಸಿ. ಹೊಸದಾಗಿ ಅನುವಾದಿಸಬೇಕಾದದ್ದು ಆ ಕ್ಲೇಮ್ ಸೇರಿಸುವ ಷರತ್ತು ಮಾತ್ರ. ಆ ಷರತ್ತು ಎರಡು ಬಗೆಯದ್ದು. ಒಂದು, ಇರುವ ಭಾಗವನ್ನೇ ಕಿರಿದು ಮಾಡುವುದು: ‘ಸದರಿ ಎಲಾಸ್ಟಿಕ್ ಭಾಗ ಒಂದು ಸ್ಪ್ರಿಂಗ್’. ಇನ್ನೊಂದು, ಹೊಸ ಭಾಗವನ್ನು ತರುವುದು: ‘ಇದಲ್ಲದೆ ಒಂದು ಮೋಟರನ್ನೂ ಒಳಗೊಂಡಿದೆ’. ಜರ್ಮನ್‌ನಲ್ಲಿ ‘ವೊಬೈ’ ಎಂದು ಶುರುವಾದರೆ ಸಾಮಾನ್ಯವಾಗಿ ಮೊದಲನೆಯದು, ‘ಫೆರ್ನರ್’ ಎಂದರೆ ಎರಡನೆಯದು. ಇವೆರಡನ್ನು ಅದಲುಬದಲು ಮಾಡಿದರೆ, ಮೊದಲೇ ಇದ್ದ ಹಲಗೆಯ ಜೊತೆ ಎರಡನೇ ಹಲಗೆಯೊಂದು ಹುಟ್ಟಿಕೊಳ್ಳುತ್ತದೆ. ‘ಸದರಿ’ ಇರುವಲ್ಲಿ ‘ಒಂದು’ ಹಾಕಿದರೂ ಇದೇ ಗತಿ.

ಐದನೆಯದನ್ನು ನಾನು ಎಲ್ಲಕ್ಕಿಂತ ಜಾಸ್ತಿ ನಂಬುತ್ತೇನೆ: ಜೋಡಿಸಿ ಓದುವುದು. ಪ್ರತಿ ಅವಲಂಬಿತ ಕ್ಲೇಮನ್ನೂ ಅದರ ತಾಯಿಯ ಜೊತೆ ಸೇರಿಸಿ ಪೂರ್ತಿ ಬರೆಯಿರಿ. ಕ್ಲೇಮ್ 3 ಹೀಗಾಗುತ್ತದೆ:

ಅಡಿಕೆ ಸುಲಿಯುವ ಒಂದು ಯಂತ್ರ. ಇದು ಒಂದು ಚೌಕಟ್ಟು (10), ಸದರಿ ಚೌಕಟ್ಟಿಗೆ (10) ತಿರುಗುವಂತೆ ಜೋಡಿಸಿದ ಕನಿಷ್ಠ ಒಂದು ರೋಲರ್ (12), ಮತ್ತು ಸದರಿ ಕನಿಷ್ಠ ಒಂದು ರೋಲರ್‌ಗೆ (12) ಎದುರಾಗಿರುವ ಒಂದು ಒತ್ತುಹಲಗೆ (14) ಇವುಗಳನ್ನು ಒಳಗೊಂಡಿದೆ. ಇದರಲ್ಲಿ ಸದರಿ ಒತ್ತುಹಲಗೆ (14) ಒಂದು ಎಲಾಸ್ಟಿಕ್ ಭಾಗದ (18) ಮೂಲಕ ಸದರಿ ಚೌಕಟ್ಟಿಗೆ (10) ಸೇರಿದೆ. ಇದರಲ್ಲಿ ಸದರಿ ಎಲಾಸ್ಟಿಕ್ ಭಾಗ (18) ಒಂದು ಸ್ಪ್ರಿಂಗ್ ಆಗಿದೆ.

ಈಗ ಪ್ರತಿ ‘ಸದರಿ’ಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋಗಿ. ಅದರ ‘ಒಂದು’ ಎಲ್ಲಿದೆ? ಪ್ರತಿ ‘ಸದರಿ’ಗೂ ಹಿಂದೆ ಒಂದೇ ಒಂದು ಉತ್ತರ ಇರಬೇಕು. ಉತ್ತರ ಇಲ್ಲದಿದ್ದರೆ ಪದ ಬದಲಾಗಿದೆ, ಇಲ್ಲವೇ ಅವಲಂಬನೆಯ ಸಂಖ್ಯೆ ತಪ್ಪಿದೆ. ಎರಡು ಉತ್ತರ ಇದ್ದರೆ ಎಲ್ಲೋ ‘ಸದರಿ’ಯ ಬದಲು ‘ಒಂದು’ ಬಿದ್ದಿದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಕೊನೆಗೆ ಸೇರಿದ ತುಂಡು ಏನನ್ನಾದರೂ ಹೊಸದಾಗಿ ಹೇಳಿತೇ? ಹೇಳದಿದ್ದರೆ, ಅದು ಹೇಳಬೇಕಾದದ್ದನ್ನು ನೀವು ಮೇಲಿನ ಕ್ಲೇಮಿನಲ್ಲೇ ಬರೆದುಬಿಟ್ಟಿದ್ದೀರಿ. ಕ್ಲೇಮ್ 2ರಲ್ಲಿ ಸ್ಪ್ರಿಂಗ್ ಬಂದ ತಪ್ಪು ಹೀಗೆಯೇ ಸಿಕ್ಕಿಬೀಳುತ್ತದೆ. ಕ್ಲೇಮ್ 4, 5ರ ವಿಷಯದಲ್ಲಿ ಮೂರು ದಾರಿಯಲ್ಲೂ ಜೋಡಿಸಿ ನೋಡಬೇಕು. ಮೂಲದಲ್ಲಿ 5ನೆಯದು ‘ಕ್ಲೇಮ್ 4’ ಎಂದಿದ್ದು ನಿಮ್ಮಲ್ಲಿ ‘ಕ್ಲೇಮ್ 3’ ಎಂದು ಟೈಪ್ ಆಗಿದ್ದರೆ, ‘ಸದರಿ ರಬ್ಬರ್ ಹೊದಿಕೆ’ಗೆ ತಾಯಿಯೇ ಸಿಗುವುದಿಲ್ಲ. ಬರೀ ಕಣ್ಣಾಡಿಸಿ ಓದಿದರೆ ಈ ಅಂಕಿಯ ತಪ್ಪು ಕಾಣುವುದು ಕಷ್ಟ.

ಇದಾದ ಮೇಲೆ ವಿವರಣೆಗೆ ಹೋಗಿ, ಅಲ್ಲೂ ಅದೇ ಪದಗಳು ಇವೆಯೇ ನೋಡಿ. ಭಾರತದಲ್ಲಿ ಕ್ಲೇಮ್‌ಗಳು ವಿವರಣೆಯಲ್ಲಿ ಬಹಿರಂಗವಾದ ವಿಷಯವನ್ನು ಆಧರಿಸಿರಬೇಕು. ಕ್ಲೇಮಿನಲ್ಲಿ ಒತ್ತುಹಲಗೆ, ವಿವರಣೆಯಲ್ಲಿ ಪೂರ್ತಿ ಒತ್ತುತಟ್ಟೆ ಇದ್ದರೆ ಅನವಶ್ಯಕ ಆಕ್ಷೇಪ ಬರುತ್ತದೆ. ವಿವರಣೆ ಒಬ್ಬರು, ಕ್ಲೇಮ್‌ಗಳು ಇನ್ನೊಬ್ಬರು ಅನುವಾದಿಸುವಾಗ ಇದು ಜಾಸ್ತಿ ಆಗುತ್ತದೆ. ಪದಪಟ್ಟಿ ಮೊದಲ ದಿನವೇ ಇಬ್ಬರ ಕೈಯಲ್ಲೂ ಇರಲಿ.

ಮೂಲವೇ ತಪ್ಪಾಗಿದ್ದರೆ

ಮೂಲದಲ್ಲೂ ತಪ್ಪುಗಳಿರುತ್ತವೆ. ಕ್ಲೇಮ್ 7ರಲ್ಲಿ ‘ಸದರಿ ಮೋಟರ್’ ಎಂದಿರುತ್ತದೆ, ಮೋಟರ್ ಅದಕ್ಕೂ ಮೊದಲು ಎಲ್ಲೂ ಬಂದಿರುವುದಿಲ್ಲ. ಅಥವಾ ಒಂದೇ ಭಾಗಕ್ಕೆ ಮೂಲದವರೇ ಎರಡು ಹೆಸರು ಇಟ್ಟಿರುತ್ತಾರೆ. ನಿಮಗೆ ಸರಿಯಾದದ್ದು ಏನು ಅಂತ ಖಂಡಿತವಾಗಿ ಗೊತ್ತಿದ್ದರೂ ಅನುವಾದದಲ್ಲಿ ತಿದ್ದಬೇಡಿ. ಇದ್ದ ಹಾಗೇ ಅನುವಾದಿಸಿ, ಬೇರೆ ಹಾಳೆಯಲ್ಲಿ ಕ್ಲೇಮ್ ಸಂಖ್ಯೆ, ಮೂಲದ ಮಾತು, ನಿಮ್ಮ ಅನುಮಾನ ಈ ಮೂರನ್ನೂ ಬರೆದು ಏಜೆಂಟ್‌ಗೆ ಕೊಡಿ. ‘ಸರಿಯಾಗಿದೆ, ಪೂರ್ತಿಯಾಗಿದೆ’ ಎಂದು ದೃಢೀಕರಿಸಿದ ಕಾಗದ ಮೂಲಕ್ಕಿಂತ ಬೇರೆ ಇರಕೂಡದು. ತಿದ್ದುಪಡಿಗೆ ಬೇರೆ ದಾರಿ ಇದೆ, ಅದು ಏಜೆಂಟ್ ಕೈಯಲ್ಲಿದೆ. ಜರ್ಮನ್ ಕ್ಲೇಮ್‌ಗಳಲ್ಲಿ ಆಗಾಗ ಬರುವ ‘ಇನ್ಸ್‌ಬೆಸೊಂಡರೆ’, ಅಂದರೆ ‘ವಿಶೇಷವಾಗಿ’, ಇದನ್ನೂ ಹೀಗೆಯೇ ಉಳಿಸಿ. ಯುರೋಪಿನ ಪದ್ಧತಿಯಲ್ಲಿ ಅದರ ಮುಂದೆ ಬರುವ ಮಾತು ಕಡ್ಡಾಯವಲ್ಲ, ಐಚ್ಛಿಕ. ಆ ಒಂದು ಪದ ಬಿಟ್ಟುಹೋದರೆ ಐಚ್ಛಿಕವಾದದ್ದು ಷರತ್ತಾಗಿಬಿಡುತ್ತದೆ.

ಕೆಲವೊಮ್ಮೆ ಭಾರತಕ್ಕೆ ಬರುವಾಗ ಅರ್ಜಿದಾರರು ಕೆಲವು ಕ್ಲೇಮ್‌ಗಳನ್ನು ಕೈಬಿಡುತ್ತಾರೆ. ಇಲ್ಲಿ ಹತ್ತಕ್ಕಿಂತ ಜಾಸ್ತಿ ಕ್ಲೇಮ್ ಇದ್ದರೆ ಪ್ರತಿಯೊಂದಕ್ಕೂ ಹೆಚ್ಚುವರಿ ಶುಲ್ಕ ಇದೆ. ಆಗ ಸಂಖ್ಯೆಗಳು ಮೇಲೆ ಕೆಳಗೆ ಆಗುತ್ತವೆ. ಕ್ಲೇಮ್ 2 ತೆಗೆದರೆ 3ಕ್ಕೆ ತಾಯಿ ಇಲ್ಲ. ಇಂಥ ಸಂದರ್ಭದಲ್ಲಿ ಜೋಡಿಸಿ ಓದುವುದನ್ನು ಹೊಸ ಸಂಖ್ಯೆಗಳೊಂದಿಗೆ ಮತ್ತೆ ಮೊದಲಿನಿಂದ ಮಾಡಬೇಕು.

ಆಮೇಲೆ ಸರಿಮಾಡಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಮಾತ್ರ. ನಮ್ಮ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ತಿದ್ದಿದ ಕ್ಲೇಮ್, ತಿದ್ದುವ ಮೊದಲಿನ ಕ್ಲೇಮಿನ ವ್ಯಾಪ್ತಿಯೊಳಗೇ ಪೂರ್ತಿ ಇರಬೇಕು. ಎಲಾಸ್ಟಿಕ್ ಭಾಗ ಸ್ಪ್ರಿಂಗ್ ಆಗಿ ದಾಖಲಾದರೆ, ಮತ್ತೆ ಅದನ್ನು ಅಗಲ ಮಾಡಲು ಹೊರಟಾಗ ಈ ಸೆಕ್ಷನ್ ಅಡ್ಡ ಬರುತ್ತದೆ. ಅನುವಾದದ ತಪ್ಪು ಎಂದು ಮೂಲವನ್ನು ತೋರಿಸಿ ವಾದಿಸಬೇಕು, ಅದು ಸುಲಭದ ಹಾದಿಯಲ್ಲ. ಉಲ್ಟಾ ಆದರೆ, ಅಂದರೆ ತಪ್ಪು ಅನುವಾದದಿಂದ ಪೇಟೆಂಟ್ ಮೂಲಕ್ಕಿಂತ ಅಗಲವಾದರೆ, ಪಿಸಿಟಿಯ 46ನೇ ವಿಧಿ ಇದೆ. ಆ ದೇಶದ ಅಧಿಕಾರಿಗಳು ವ್ಯಾಪ್ತಿಯನ್ನು ಹಿಂದಿನಿಂದಲೇ ಅನ್ವಯವಾಗುವಂತೆ ಕಡಿತ ಮಾಡಬಹುದು, ಮೂಲವನ್ನು ಮೀರಿದಷ್ಟು ಭಾಗಕ್ಕೆ ಪೇಟೆಂಟೇ ಅಸಿಂಧು ಎನ್ನಬಹುದು.

ಫೈಲ್ ಕಳಿಸುವಾಗ ಅನುವಾದದ ಜೊತೆ ಮೂರು ಹಾಳೆ ಸೇರಿಸಿ ಕೊಡಿ: ಕ್ಲೇಮ್‌ಗಳ ವಂಶವೃಕ್ಷ, ಪದಪಟ್ಟಿ, ಮೂಲದ ಬಗ್ಗೆ ನಿಮ್ಮ ಅನುಮಾನಗಳು. ಎಕ್ಸಾಮಿನರ್ ವರದಿ ಬಂದು ಕ್ಲೇಮ್‌ಗಳನ್ನು ತಿದ್ದಬೇಕಾದಾಗ ಏಜೆಂಟ್ ಮೊದಲು ತೆರೆಯುವುದು ಈ ಪದಪಟ್ಟಿಯನ್ನು. ತಿದ್ದುಪಡಿ ಬೇರೆಯವರ ಕೈಗೆ ಹೋದರೂ 14ರ ಮುಂದೆ ಒತ್ತುಹಲಗೆಯೇ ಇರುತ್ತದೆ.